ಭಾಗ್ಯಾಧಿಪತಿ ವ್ಯಯದಲ್ಲಿದ್ದಾಗ: ಹೊರದೇಶದ ಓದು ಮತ್ತು ಊರಿನ ತೋಟ

ಪ್ರಶ್ನೆ: ನಾನು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ ಇಟ್ಟುಕೊಂಡಿದ್ದೇನೆ. ನನ್ನ ಮಗ 2000ನೇ ಇಸವಿ ಜನವರಿ 1ರಂದು ಮಧ್ಯಾಹ್ನ 12 ಗಂಟೆಗೆ ಹಾಸನದಲ್ಲಿ ಹುಟ್ಟಿದ್ದು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ 2023ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಈಗ ಎಂ.ಎಸ್. ಓದಲು 2026ರ ಅಕ್ಟೋಬರ್‌ಗೆ ಜರ್ಮನಿಗೆ ಹೋಗುತ್ತೇನೆ ಅನ್ನುತ್ತಾನೆ. ಹಾಸನದಲ್ಲಿ ಒಬ್ಬರು ಜಾತಕ ನೋಡಿ, ಹನ್ನೆರಡರಲ್ಲಿ ಕುಜ ಇದ್ದಾನೆ, ದುಡ್ಡೆಲ್ಲ ನೀರಾಗುತ್ತದೆ, ಕಳಿಸಬೇಡಿ ಅಂದರು. ಚಿಕ್ಕಮಗಳೂರಿನಲ್ಲಿ ಇನ್ನೊಬ್ಬರು, ಭಾಗ್ಯಾಧಿಪತಿ ಹನ್ನೆರಡಕ್ಕೆ ಹೋಗಿದ್ದಾನೆ, ಹುಡುಗ ಅಲ್ಲೇ ನೆಲೆಸುತ್ತಾನೆ ಅಂದರು. ಯಾವುದನ್ನು ನಂಬಬೇಕು? ತೋಟ ಅಡ ಇಟ್ಟು ಸಾಲ ಮಾಡಬಹುದೇ? ಹೋದವನು ಊರಿಗೆ ಬರುತ್ತಾನೆಯೇ?

ಉತ್ತರ: ಇಬ್ಬರೂ ನೋಡಿರುವುದು ಒಂದೇ ಗ್ರಹವನ್ನು. ತಮ್ಮ ಮಗನದು ಮೀನ ಲಗ್ನ. ಆ ಲಗ್ನಕ್ಕೆ ಕುಜನು ಧನಸ್ಥಾನವಾದ ಎರಡನೆಯ ಮನೆ ಮೇಷಕ್ಕೂ ಭಾಗ್ಯಸ್ಥಾನವಾದ ಒಂಬತ್ತನೆಯ ಮನೆ ವೃಶ್ಚಿಕಕ್ಕೂ ಅಧಿಪತಿ, ಮತ್ತು ಈ ಜಾತಕದಲ್ಲಿ ಅವನು ವ್ಯಯಸ್ಥಾನವಾದ ಹನ್ನೆರಡನೆಯ ಮನೆ ಕುಂಭದಲ್ಲಿದ್ದಾನೆ. ಧನಾಧಿಪತಿಯು ವ್ಯಯಕ್ಕೆ ಹೋದ ಎಂದು ಮಾತ್ರ ನೋಡಿದವರಿಗೆ ನಷ್ಟ ಕಂಡಿತು. ಭಾಗ್ಯಾಧಿಪತಿಯು ವ್ಯಯಕ್ಕೆ ಹೋದ ಎಂದು ಮಾತ್ರ ನೋಡಿದವರಿಗೆ ವಿದೇಶವಾಸ ಕಂಡಿತು. ಈ ಜಾತಕದಲ್ಲಿ ಇವೆರಡನ್ನೂ ಬೇರ್ಪಡಿಸಲು ಬರುವುದಿಲ್ಲ. ದೂರದ ವಿದ್ಯೆ ಮನೆಯ ಹಣವನ್ನು ಜೊತೆಗೆ ಕರೆದುಕೊಂಡೇ ಹೊರಡುತ್ತದೆ. ಆದ್ದರಿಂದ ಇಲ್ಲಿ ವಿಚಾರ ಮಾಡಬೇಕಾದದ್ದು ಹೋಗುವನೋ ಇಲ್ಲವೋ ಎಂಬುದಕ್ಕಿಂತ, ಯಾವ ದಶೆಯಲ್ಲಿ, ಎಷ್ಟು ವ್ಯಯದಲ್ಲಿ ಹೋಗುತ್ತಾನೆ ಮತ್ತು ನಾಲ್ಕನೆಯ ಮನೆ ಅವನನ್ನು ಎಷ್ಟರಮಟ್ಟಿಗೆ ಬಿಟ್ಟುಕೊಡುತ್ತದೆ ಎಂಬುದನ್ನು.

ಮೊದಲು ಜನನ ಸಮಯದ ಬಗ್ಗೆ ಒಂದು ಮಾತು. ಲಾಹಿರಿ ಅಯನಾಂಶದಂತೆ ಲೆಕ್ಕ ಹಾಕಿದರೆ ಅಂದು ಹಾಸನದಲ್ಲಿ ಬೆಳಿಗ್ಗೆ ಸುಮಾರು 11.25ರಿಂದ ಮಧ್ಯಾಹ್ನ 1 ಗಂಟೆ ದಾಟುವವರೆಗೆ ಮೀನ ಲಗ್ನವೇ ಇತ್ತು. 12 ಗಂಟೆಯೆಂದು ಬರೆದಿರುವುದರಲ್ಲಿ ಕಾಲು ಗಂಟೆಯ ವ್ಯತ್ಯಾಸವಿದ್ದರೂ ಲಗ್ನ ಬದಲಾಗುವುದಿಲ್ಲ. ಒಂದೊಂದು ರಾಶಿಯನ್ನೂ ಒಂಬತ್ತು ಭಾಗ ಮಾಡಿ ನೋಡುವ ನವಾಂಶದಲ್ಲಿ ಲಗ್ನದ ವಿಷಯ ಹಾಗಲ್ಲ. 12 ಗಂಟೆಗೆ ಲಗ್ನವು ಮೀನದ ಹತ್ತು ಡಿಗ್ರಿಯನ್ನು ಆಗಷ್ಟೇ ದಾಟಿದೆ, ಆ ಹತ್ತು ಡಿಗ್ರಿಯೇ ಕನ್ಯಾ ನವಾಂಶ ಮುಗಿದು ತುಲಾ ನವಾಂಶ ಆರಂಭವಾಗುವ ಗಡಿ. ಮೂರು ನಿಮಿಷ ಹಿಂದಾದರೂ ನವಾಂಶ ಲಗ್ನ ಬೇರೆಯಾಗುತ್ತದೆ. ಈ ಕಾರಣದಿಂದ ನವಾಂಶದ ಮನೆಗಳನ್ನು ಆಧರಿಸಿ ನಾನು ಏನನ್ನೂ ಹೇಳುತ್ತಿಲ್ಲ. ಕುಜ ಮತ್ತು ಶುಕ್ರ ಯಾವ ನವಾಂಶ ರಾಶಿಯಲ್ಲಿದ್ದಾರೆ ಎಂಬುದನ್ನಷ್ಟೇ ಗಮನಿಸಿದ್ದೇನೆ, ಏಕೆಂದರೆ ಅದು ನಿಮಿಷಗಳ ವ್ಯತ್ಯಾಸದಿಂದ ಬದಲಾಗುವಂಥದ್ದಲ್ಲ. ನವಾಂಶ ಲಗ್ನದಿಂದ ವಿದೇಶವಾಸವನ್ನು ಯಾರಾದರೂ ಖಚಿತವಾಗಿ ಹೇಳಿದ್ದರೆ ಆ ಮಾತನ್ನು ತಾವು ಪಕ್ಕಕ್ಕಿಡಬಹುದು.

ಗ್ರಹಸ್ಥಿತಿ ಹೀಗಿದೆ. ಎರಡನೆಯ ಮನೆ ಮೇಷದಲ್ಲಿ ಗುರು ಮತ್ತು ವಕ್ರಿಯಾದ ಶನಿ, ಐದರಲ್ಲಿ ರಾಹು, ಎಂಟನೆಯ ಮನೆ ತುಲೆಯಲ್ಲಿ ಸ್ವಾತಿ ನಕ್ಷತ್ರದ ಚಂದ್ರ, ಒಂಬತ್ತರಲ್ಲಿ ಶುಕ್ರ, ಹತ್ತನೆಯ ಮನೆ ಧನುಸ್ಸಿನಲ್ಲಿ ರವಿ ಮತ್ತು ಬುಧ, ಹನ್ನೊಂದರಲ್ಲಿ ಕೇತು, ಹನ್ನೆರಡರಲ್ಲಿ ಕುಜ.

ಒಂಬತ್ತನೆಯ ಮನೆಯು ಉನ್ನತ ವಿದ್ಯೆ, ಗುರು, ತಂದೆ ಮತ್ತು ದೂರಪ್ರಯಾಣದ ಸ್ಥಾನ. ಹನ್ನೆರಡನೆಯ ಮನೆಯು ವೆಚ್ಚದ ಸ್ಥಾನ, ಹುಟ್ಟಿದ ಊರಿನಿಂದ ದೂರವಿರುವ ವಾಸದ ಸ್ಥಾನವೂ ಹೌದು. ಒಂಬತ್ತು ಮಾತ್ರ ಬಲವಾಗಿದ್ದು ಹನ್ನೆರಡರ ಸಂಬಂಧವಿಲ್ಲದಿದ್ದರೆ ಓದಿಗೆ ಹೋದವನು ಪದವಿ ಹಿಡಿದು ಹಿಂದಿರುಗುತ್ತಾನೆ. ಹನ್ನೆರಡು ಮಾತ್ರ ಬಲವಾಗಿ ಒಂಬತ್ತು ಬಡವಾಗಿದ್ದರೆ ಊರು ಬಿಟ್ಟಿರುವುದು ತಪ್ಪುವುದಿಲ್ಲ, ಆದರೆ ಓದಿದ ಓದಿಗೆ ತಕ್ಕ ಕೆಲಸ ಸಿಗುವುದು ಕಷ್ಟ. ಎರಡೂ ಸೇರಿದಾಗ ಓದಿನ ನೆಪದಲ್ಲಿ ಹೋಗಿ ಅಲ್ಲೇ ದುಡಿಯುವ ದಾರಿ ತೆರೆದುಕೊಳ್ಳುತ್ತದೆ. ಇಷ್ಟನ್ನು ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ಮೂರು ಮತ್ತು ನಾಲ್ಕನೆಯ ಮನೆಗಳನ್ನು. ನಾಲ್ಕು ತಾಯಿ, ಮನೆ, ಭೂಮಿ, ಸ್ವಂತ ಊರು. ಅದರಿಂದ ಹಿಂದಿನ ಮನೆ, ಅಂದರೆ ಮೂರು, ನಾಲ್ಕಕ್ಕೆ ವ್ಯಯಸ್ಥಾನವಾಗುವುದರಿಂದ ಅದು ಮನೆ ಬಿಡುವುದನ್ನು ತೋರಿಸುತ್ತದೆ. ಒಂಬತ್ತು ಹನ್ನೆರಡರ ಸಂಬಂಧ ಎಷ್ಟೇ ಗಟ್ಟಿಯಾಗಿರಲಿ, ನಾಲ್ಕನೆಯ ಮನೆ ಮತ್ತು ಅದರ ಅಧಿಪತಿ ಕೆಡದಿದ್ದರೆ ಮನುಷ್ಯ ಹೊರಗೆ ಇರುತ್ತಾನೆಯೇ ಹೊರತು ಅಲ್ಲಿ ಬೇರು ಬಿಡುವುದಿಲ್ಲ ಎಂಬುದು ನಾನು ನಂಬಿ ನಡೆದುಕೊಂಡು ಬಂದಿರುವ ಸೂತ್ರ.

ಈಗ ಕುಜನ ಕಡೆಗೆ ಮತ್ತೆ ಬರೋಣ. ಅವನು ಕುಂಭದಲ್ಲಿದ್ದಾನೆ, ಕುಂಭದ ಅಧಿಪತಿ ಶನಿ ಕುಜನ ಮನೆಯಾದ ಮೇಷದಲ್ಲಿದ್ದಾನೆ. ಇದು ಎರಡಕ್ಕೂ ಹನ್ನೆರಡಕ್ಕೂ ಆದ ಪರಿವರ್ತನೆ. ಹಾಸನದಲ್ಲಿ ಹೇಳಿದವರು ಕುಜನ ಅರ್ಧವನ್ನು ಮಾತ್ರ ಓದಿದ್ದಾರೆ ಎಂದು ನಾನು ಹೇಳುವುದು ಇದಕ್ಕಾಗಿಯೇ. ಪರಿವರ್ತನೆಯಲ್ಲಿ ಹೋಗುವುದೂ ಉಂಟು, ಬರುವುದೂ ಉಂಟು. ಎರಡನೆಯ ಮನೆಯ ಹಣ ಹನ್ನೆರಡಕ್ಕೆ ಹೋಗುತ್ತದೆ. ಹನ್ನೆರಡರ ಅಧಿಪತಿ, ಮೀನ ಲಗ್ನಕ್ಕೆ ಹನ್ನೊಂದನೆಯ ಲಾಭಸ್ಥಾನಕ್ಕೂ ಅಧಿಪತಿಯಾದ ಶನಿ, ಎರಡನೆಯ ಮನೆಗೆ ಬಂದು ಕೂತಿದ್ದಾನೆ, ಅಂದರೆ ಹೊರಗಿನ ಸಂಪಾದನೆ ಕುಟುಂಬಕ್ಕೆ ತಲುಪುತ್ತದೆ. ಮೇಷ ಶನಿಗೆ ನೀಚರಾಶಿ ಎಂಬುದನ್ನು ಮರೆಯುವಂತಿಲ್ಲ. ಮೇಷದಲ್ಲಿ ಉಚ್ಚನಾಗುವ ರವಿಯು ಲಗ್ನದಿಂದ ಕೇಂದ್ರವಾದ ಹತ್ತರಲ್ಲಿ ದಿಗ್ಬಲದೊಂದಿಗೆ ಇರುವುದರಿಂದ ನೀಚಭಂಗವಾಗಿದೆ, ಆದರೆ ನೀಚಭಂಗವೆಂದರೆ ಆರಂಭದಿಂದಲೇ ಸುಗಮ ಎಂದಲ್ಲ. ನೀಚತ್ವದ ಫಲ ಮೊದಲು, ಭಂಗದ ಫಲ ಆಮೇಲೆ. ಜೊತೆಗೆ ಶನಿ ವಕ್ರಿ. ಹಾಗಾಗಿ ಮನೆಯಿಂದ ಹೋದ ಹಣ ಹಿಂದಿರುಗುವುದಕ್ಕೆ ತಾವು ಅಂದಾಜು ಮಾಡಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂದು ನಾನು ಓದುತ್ತೇನೆ. ಭಾಗ್ಯಾಧಿಪತಿ ಕುಜನು ನವಾಂಶದಲ್ಲಿ ಸ್ವಕ್ಷೇತ್ರವಾದ ವೃಶ್ಚಿಕದಲ್ಲಿರುವುದರಿಂದ ವಿದ್ಯೆ ಅರ್ಧಕ್ಕೆ ನಿಲ್ಲುವ ಭಯ ನನಗಿಲ್ಲ. ಹನ್ನೆರಡರ ಕುಜ ಮದುವೆಯ ಮಾತುಕತೆಯಲ್ಲಿ ಬೇರೆ ಲೆಕ್ಕಕ್ಕೆ ಬರುತ್ತಾನೆ. ಅದನ್ನು ಈ ವಿಚಾರಕ್ಕೆ ಬೆರೆಸಿ ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ.

ಒಂಬತ್ತರಲ್ಲಿರುವ ಶುಕ್ರನನ್ನೂ ನೋಡಬೇಕು. ಅವನು ಮೂರು ಮತ್ತು ಎಂಟನೆಯ ಮನೆಗಳ ಅಧಿಪತಿ. ಮನೆ ಬಿಡುವುದನ್ನು ಸೂಚಿಸುವ ಮೂರರ ಅಧಿಪತಿ ಉನ್ನತ ವಿದ್ಯೆಯ ಮನೆಯಲ್ಲಿ ಕೂತಿದ್ದಾನೆ ಎಂದರೆ ಓದಿಗಾಗಿ ಮನೆ ಬಿಡುವುದು ಸ್ಪಷ್ಟ. ಅವನು ನಿಂತಿರುವ ಅನೂರಾಧಾ ನಕ್ಷತ್ರ ಶನಿಯದು, ಶನಿ ನಿಂತಿರುವ ಭರಣಿ ನಕ್ಷತ್ರ ಶುಕ್ರನದು. ರಾಶಿಯಲ್ಲಿ ಶನಿ ಕುಜರ ಪರಿವರ್ತನೆಯಾದಂತೆ ನಕ್ಷತ್ರದಲ್ಲಿ ಶನಿ ಶುಕ್ರರ ಪರಿವರ್ತನೆಯಾಗಿದೆ. ಒಂಬತ್ತು ಮತ್ತು ಹನ್ನೆರಡು ಇಷ್ಟು ಬಿಗಿಯಾಗಿ ಹೆಣೆದುಕೊಂಡಿರುವುದನ್ನು ಕಂಡ ಮೇಲೆ ಹೊರಗೆ ಹೋಗುವ ಯೋಗವಿಲ್ಲ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಶುಕ್ರನು ಅಷ್ಟಮಾಧಿಪತಿಯೂ ಆಗಿ ನವಾಂಶದಲ್ಲಿ ತನ್ನ ನೀಚರಾಶಿ ಕನ್ಯೆಯಲ್ಲಿರುವುದರಿಂದ, ಪ್ರವೇಶ ಪತ್ರ, ವೀಸಾ, ಅಲ್ಲಿನ ವಸತಿ ಇವುಗಳಲ್ಲಿ ಒಮ್ಮೆಯಾದರೂ ತಡೆ ಬಂದು ಕಾಗದಪತ್ರ ಮತ್ತೆ ಮಾಡಿಸುವ ಪ್ರಸಂಗವನ್ನು ನಿರೀಕ್ಷಿಸಿರಿ. ಒಂಬತ್ತೂ ಹನ್ನೆರಡೂ ಎರಡೂ ಸ್ಥಿರರಾಶಿಗಳು. ಚರರಾಶಿಗಳಾಗಿದ್ದರೆ ಬೇಗ ಹೊರಟು ಊರೂರು ತಿರುಗುತ್ತಿದ್ದ. ಸ್ಥಿರರಾಶಿಗಳಾದ್ದರಿಂದ ಹೊರಡುವುದು ನಿಧಾನ, ಹೋದ ಮೇಲೆ ಒಂದೇ ಕಡೆ ನಿಲ್ಲುವುದು ದೀರ್ಘ.

ತಮ್ಮ ಮನಸ್ಸನ್ನು ಕೊರೆಯುತ್ತಿರುವ ಕೊನೆಯ ಮಾತಿಗೆ ಉತ್ತರವಿರುವುದು ನಾಲ್ಕನೆಯ ಮನೆ ಮಿಥುನದಲ್ಲಿ. ಅದರ ಅಧಿಪತಿ ಬುಧನು ಧನುಸ್ಸಿನಿಂದ ತನ್ನ ಮನೆಯನ್ನು ತಾನೇ ಏಳನೆಯ ದೃಷ್ಟಿಯಿಂದ ನೋಡುತ್ತಿದ್ದಾನೆ, ಮತ್ತು ಆ ಬುಧನ ಮೇಲೆ ಗುರುವಿನ ಒಂಬತ್ತನೆಯ ದೃಷ್ಟಿಯಿದೆ. ಅಧಿಪತಿಯೇ ನೋಡುತ್ತಿರುವ ಮನೆ ಕೈಬಿಟ್ಟು ಹೋಗುವುದು ಅಪರೂಪ. ಇನ್ನೊಂದು ಕಡೆ, ವ್ಯಯಾಧಿಪತಿ ಶನಿಯ ಮೂರನೆಯ ದೃಷ್ಟಿ ಅದೇ ಮಿಥುನದ ಮೇಲೆ ಬಿದ್ದಿದೆ, ಬುಧನು ರವಿಗೆ ಒಂಬತ್ತು ಡಿಗ್ರಿಯೊಳಗೆ ಬಂದು ಅಸ್ತಂಗತನಾಗಿದ್ದಾನೆ. ಅಂದರೆ ಊರಿನ ಸೆಳೆತ ಇದೆ, ಆದರೆ ಉದ್ಯೋಗದ ಪ್ರಖರತೆಯ ಮುಂದೆ ಅದು ಬಹುಕಾಲ ಮಂಕಾಗಿರುತ್ತದೆ. ಮತ್ತೊಂದು ವಿಷಯವನ್ನೂ ಮುಚ್ಚಿಡಬಾರದು: ಚಂದ್ರ ಇರುವ ತುಲೆಯಿಂದ ಎಣಿಸಿದರೆ ಒಂಬತ್ತಕ್ಕೂ ಹನ್ನೆರಡಕ್ಕೂ ಅಧಿಪತಿಯಾಗುವವನು ಇದೇ ಬುಧ. ಲಗ್ನದಿಂದ ನೋಡಿದರೆ ಊರಿಗೆ ಕರೆಯುವ ಗ್ರಹವೇ ಚಂದ್ರನಿಂದ ನೋಡಿದರೆ ಹೊರಗೆ ಕಳಿಸುವ ಗ್ರಹ. ಇಂಥ ಜಾತಕದವರು ಊರನ್ನು ಪೂರ್ತಿ ಬಿಡುವುದೂ ಇಲ್ಲ, ಊರಿನಲ್ಲೇ ಪೂರ್ತಿ ನಿಲ್ಲುವುದೂ ಇಲ್ಲ. ತೋಟವನ್ನು ಮಾರಿಬಿಡಿ ಎಂದು ಅವನು ಹೇಳುವ ಲಕ್ಷಣ ನನಗೆ ಕಾಣುವುದಿಲ್ಲ. ಪ್ರತಿವರ್ಷ ಕಾಫಿ ಕೊಯ್ಲಿಗೆ ಬಂದು ಕಣದಲ್ಲಿ ನಿಲ್ಲುತ್ತಾನೆ ಎಂಬ ಲಕ್ಷಣವೂ ಕಾಣುವುದಿಲ್ಲ.

ಕಾಲನಿರ್ಣಯಕ್ಕೆ ದಶೆಯೇ ಆಧಾರ. ಸ್ವಾತಿಯ ಚಂದ್ರನಿಗೆ ಜನನಕಾಲದಲ್ಲಿ ರಾಹುದಶೆ ಸುಮಾರು ನಾಲ್ಕೂವರೆ ವರ್ಷ ಉಳಿದಿತ್ತು. ಗುರುದಶೆ 2020ರ ಜೂನ್‌ವರೆಗೆ ನಡೆದು, ಅಲ್ಲಿಂದ 19 ವರ್ಷದ ಶನಿದಶೆ ಆರಂಭವಾಗಿದೆ. ಅಂದರೆ 2039ರ ಜೂನ್‌ವರೆಗೆ ನಡೆಯುವುದು ಹನ್ನೆರಡರ ಅಧಿಪತಿಯ ದಶೆಯೇ. ಜನನ ಸಮಯದಲ್ಲಿ ಹತ್ತು ನಿಮಿಷ ಹೆಚ್ಚುಕಡಿಮೆಯಾದರೆ ಈ ಎಲ್ಲ ತಾರೀಖುಗಳು ಸುಮಾರು ನಲವತ್ತು ದಿನ ಹಿಂದೆಮುಂದೆ ಸರಿಯುತ್ತವೆ, ಆದ್ದರಿಂದ ತಿಂಗಳನ್ನು ನೋಡಿ, ದಿನವನ್ನು ಹಿಡಿಯಬೇಡಿ. ಲೆಕ್ಕ ಸರಿಯಿದೆಯೇ ಎಂದು ನೋಡಲು ಆಗಿಹೋದ ಒಂದು ಘಟನೆ ಸಾಕು. ಶನಿದಶೆಯ ಒಳಗಿನ ಒಂದು ಅವಧಿಯಾದ ಬುಧಭುಕ್ತಿ 2023ರ ಜೂನ್‌ನಲ್ಲಿ ಆರಂಭವಾಯಿತು. ಹತ್ತರಲ್ಲಿರುವ ಬುಧನ ಭುಕ್ತಿ ಬಂದ ಎರಡು ತಿಂಗಳಲ್ಲಿ ತಮ್ಮ ಮಗ ಕೆಲಸಕ್ಕೆ ಸೇರಿ ಬೆಂಗಳೂರಿಗೆ ಹೋಗಿದ್ದಾನೆ. ಇದು ಲಗ್ನಕ್ಕೂ ದಶೆಗೂ ಒಪ್ಪುತ್ತದೆ.

ಆ ಭುಕ್ತಿ 2026ರ ಫೆಬ್ರವರಿ ಕೊನೆಗೆ ಮುಗಿದು ಕೇತುಭುಕ್ತಿ 2027ರ ಏಪ್ರಿಲ್ ಮೊದಲ ವಾರದವರೆಗೆ ಇದೆ. ಅಲ್ಲಿಂದ 2030ರ ಜೂನ್‌ವರೆಗೆ ಶುಕ್ರಭುಕ್ತಿ. ಕೇತು ಶನಿಯ ಮನೆಯಾದ ಮಕರದಲ್ಲಿ, ಶನಿಯ ಹತ್ತನೆಯ ದೃಷ್ಟಿಯಲ್ಲಿರುವುದರಿಂದ ಶನಿಯ ಫಲವನ್ನೇ ಕೊಡುತ್ತಾನೆ, ಆದರೆ ಅವನಿಗೆ ಒಂಬತ್ತನೆಯ ಮನೆಯೊಂದಿಗೆ ನೇರ ಸಂಬಂಧವಿಲ್ಲ, ಮತ್ತು ಲಾಭಸ್ಥಾನದಲ್ಲಿ ಕೂತು ಕೈಗೆ ಬಂದದ್ದನ್ನು ಕತ್ತರಿಸುವ ಸ್ವಭಾವದವನು. ಶುಕ್ರನಾದರೋ ಒಂಬತ್ತರಲ್ಲೇ ಇದ್ದು ಶನಿಯೊಂದಿಗೆ ನಕ್ಷತ್ರ ಬದಲಿಸಿಕೊಂಡಿದ್ದಾನೆ. ಗೋಚಾರದಲ್ಲಿ, ಅಂದರೆ ಆಯಾ ಕಾಲದ ಗ್ರಹಸಂಚಾರದಲ್ಲಿ, ಗುರು 2026ರ ಜೂನ್ ಮೊದಲ ವಾರದಿಂದ ಅಕ್ಟೋಬರ್ ಕೊನೆಯವರೆಗೆ ಉಚ್ಚನಾಗಿ ಕಟಕದಲ್ಲಿರುತ್ತಾನೆ, ಸಿಂಹಕ್ಕೆ ಹೋಗಿ ವಕ್ರಗತಿಯಲ್ಲಿ 2027ರ ಜನವರಿ ಕೊನೆಗೆ ಮತ್ತೆ ಕಟಕಕ್ಕೆ ಬಂದು ಜೂನ್‌ವರೆಗೆ ನಿಲ್ಲುತ್ತಾನೆ. ಕಟಕದಿಂದ ಅವನ ಐದನೆಯ ದೃಷ್ಟಿ ಒಂಬತ್ತನೆಯ ಮನೆ ವೃಶ್ಚಿಕದ ಮೇಲೂ ಒಂಬತ್ತನೆಯ ದೃಷ್ಟಿ ಲಗ್ನದ ಮೇಲೂ ಬೀಳುತ್ತದೆ. ಆದ್ದರಿಂದ 2026ರಲ್ಲಿ ಪ್ರಯತ್ನ ಮಾಡುವುದು ತಪ್ಪಲ್ಲ, ಸೀಟು ಸಿಗುವುದಕ್ಕೆ ಗೋಚಾರದ ಅನುಕೂಲವಿದೆ. ಆದರೆ ದಶೆ ಮತ್ತು ಗೋಚಾರ ಎರಡೂ ಕೂಡಿಬರುವುದು 2027ರ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ, ಅಂದರೆ 2027ರ ಅಕ್ಟೋಬರ್‌ನ ಚಳಿಗಾಲದ ಸೆಮಿಸ್ಟರಿಗೆ ಅರ್ಜಿ ಹಾಕುವ ಸಮಯದಲ್ಲಿ. 2026ರ ಅಕ್ಟೋಬರ್‌ಗೇ ಒಳ್ಳೆಯ ವಿಶ್ವವಿದ್ಯಾಲಯದ ಪ್ರವೇಶವೂ ವೀಸಾವೂ ಕೈಯಲ್ಲಿದ್ದರೆ ಜಾತಕವನ್ನು ಮುಂದಿಟ್ಟು ತಡೆಯಬೇಡಿ. ಪ್ರವೇಶ ಸಿಗದಿದ್ದರೆ ಯಾವುದೋ ಏಜೆಂಟ್ ತೋರಿಸಿದ ದುಬಾರಿ ಖಾಸಗಿ ಕಾಲೇಜಿಗೆ ಅವಸರದಿಂದ ಹಣ ಕಟ್ಟದೆ ಮುಂದಿನ ವರ್ಷಕ್ಕೆ ಕಾಯಿರಿ. ಕೇತುಭುಕ್ತಿಯಲ್ಲಿ ಕೈತಪ್ಪುವ ಹಣ ಸಾಮಾನ್ಯವಾಗಿ ಇಂಥದ್ದೇ.

ಸಾಲದ ವಿಷಯದಲ್ಲಿ ನಾನು ಸ್ಪಷ್ಟವಾಗಿ ಹೇಳುತ್ತೇನೆ: ಇಡೀ ತೋಟವನ್ನು ಅಡ ಇಡಬೇಡಿ. ಕುಜನು ಧನಾಧಿಪತಿ ಮಾತ್ರವಲ್ಲ, ಭೂಮಿಕಾರಕನೂ ಹೌದು, ಅವನು ವ್ಯಯದಲ್ಲಿದ್ದಾನೆ. ಭೂಮಿಯನ್ನೇ ಒತ್ತೆಯಿಟ್ಟರೆ ಆ ಗ್ರಹದ ಎರಡು ದೌರ್ಬಲ್ಯಗಳನ್ನು ಒಂದೇ ಕಾಗದದ ಮೇಲೆ ಸೇರಿಸಿದಂತಾಗುತ್ತದೆ. ಆರನೆಯ ಋಣಸ್ಥಾನ ಸಿಂಹದ ಅಧಿಪತಿ ರವಿಯು ಹತ್ತರಲ್ಲಿ ದಿಗ್ಬಲದಿಂದಿದ್ದಾನೆ, ಆ ಮನೆಯ ಮೇಲೆ ಗುರುದೃಷ್ಟಿಯೂ ಇದೆ. ಇದರರ್ಥ, ಮಗನ ಹೆಸರಿನಲ್ಲಿ ಮಾಡಿದ ಸಾಲವನ್ನು ಅವನ ಉದ್ಯೋಗವೇ ತೀರಿಸುತ್ತದೆ. ಬ್ಯಾಂಕುಗಳ ಶೈಕ್ಷಣಿಕ ಸಾಲದಲ್ಲಿ ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುವುದಿಲ್ಲ, ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಕೇಳುತ್ತಾರೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವೆಂದು ಸುಮಾರು 12 ಸಾವಿರ ಯೂರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು, ಅದು ಅವನಿಗೇ ತಿಂಗಳು ತಿಂಗಳು ಕಂತಿನಲ್ಲಿ ಸಿಗುತ್ತದೆ. ಬೆಂಗಳೂರಿನ ದುಡಿಮೆಯಲ್ಲಿ ಅವನು ಉಳಿಸಿದ್ದು, ಅವನ ಹೆಸರಿನ ಸಾಲ, ಇವೆರಡರಲ್ಲಿ ಈ ಮೊತ್ತ ಹೊಂದಿಕೊಳ್ಳುವಂತೆ ಯೋಜನೆ ಮಾಡಿದರೆ ಕುಜನ ವ್ಯಯ ತಮ್ಮ ತೋಟದ ಬೇಲಿಯನ್ನು ದಾಟಿ ಒಳಗೆ ಬರಬೇಕಾಗಿಲ್ಲ. ಒಂದು ವರ್ಷ ಕಾಯುವುದಾದರೆ ಆ ವರ್ಷದ ಉಳಿತಾಯವೂ ಇದಕ್ಕೆ ಸೇರುತ್ತದೆ, ಮತ್ತು 2027ಕ್ಕೆ ಹೋಗುವುದು ಮೇಲೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಓದು ಮುಗಿದ ಮೇಲಿನ ಕಾಲ ಹೀಗೆ ಕಾಣುತ್ತದೆ. ಶುಕ್ರಭುಕ್ತಿಯ ನಂತರ 2030ರ ಜೂನ್‌ನಿಂದ ಸುಮಾರು ಒಂದು ವರ್ಷ ರವಿಭುಕ್ತಿ, ಉದ್ಯೋಗ ಭದ್ರವಾಗುವುದು ಮತ್ತು ಸಾಲದ ಬಹುಭಾಗ ತೀರುವುದು ಆಗ. 2032ರ ಕೊನೆಯವರೆಗಿನ ಚಂದ್ರಭುಕ್ತಿ ಹಗುರವಲ್ಲ. ಎಂಟರಲ್ಲಿರುವ ಕೃಷ್ಣಪಕ್ಷದ ಚಂದ್ರನ ಮೇಲೆ ಶನಿಯ ದೃಷ್ಟಿಯಿದೆ. ಹುಡುಗನಿಗೆ ಒಂಟಿತನ ಕಾಡುವ ಕಾಲ ಅದು, ಹೋದ ಮೊದಲ ಚಳಿಗಾಲದಲ್ಲೂ ಅದರ ಛಾಯೆ ಕಾಣಬಹುದು. ಗುರುದೃಷ್ಟಿಯ ರಕ್ಷಣೆ ಇದ್ದರೂ ವಾರಕ್ಕೊಮ್ಮೆ ಅವನ ತಾಯಿ ಮಾತಾಡುವುದನ್ನು ತಪ್ಪಿಸದಿರಲಿ, ಅಂಕಗಳ ವಿಷಯಕ್ಕಿಂತ ಊಟ ನಿದ್ದೆಯ ವಿಷಯ ಕೇಳಲಿ. 2039ರಲ್ಲಿ ಬುಧದಶೆ ಆರಂಭವಾದಾಗ ಅವನಿಗೆ 39 ವರ್ಷ. ನಾಲ್ಕನೆಯ ಮನೆಯ ವಿಚಾರ, ಅಂದರೆ ತೋಟ, ಮನೆ, ತಾವಿಬ್ಬರು, ಅವನ ತೀರ್ಮಾನಗಳ ಮಧ್ಯಕ್ಕೆ ಬರುವುದು ಆಗ. ಅಷ್ಟು ವರ್ಷ ತೋಟವನ್ನು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಅವನ ಜಾತಕದಲ್ಲಿ ಉತ್ತರ ಹುಡುಕಬೇಡಿ, ಮನೆಯವರು ಈಗಲೇ ಕೂತು ಮಾತಾಡಿಕೊಳ್ಳಿ.

ಒಂದು ಮಿತಿಯನ್ನು ಹೇಳಲೇಬೇಕು. ಒಂಬತ್ತು ಹನ್ನೆರಡರ ಯೋಗ ಹುಟ್ಟಿದ ಊರಿನಿಂದ ದೂರವನ್ನು ಹೇಳುತ್ತದೆಯೇ ಹೊರತು ದೇಶದ ಹೆಸರನ್ನು ಹೇಳುವುದಿಲ್ಲ. ಹಾಸನ, ಸಕಲೇಶಪುರ, ಮೂಡಿಗೆರೆಯ ಕಡೆಯಿಂದ ಬೆಂಗಳೂರಿಗೆ ಹೋಗಿ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಇರುವವರ ಜಾತಕಗಳಲ್ಲೂ ಇಂಥದ್ದೇ ಯೋಗಗಳು ಕಾಣುತ್ತವೆ. ತಮ್ಮ ಮಗ 2023ರಲ್ಲಿ ಊರು ಬಿಟ್ಟಾಗಲೇ ಈ ಯೋಗದ ಒಂದು ಭಾಗ ಫಲಿಸಿದೆ. ಉಳಿದ ಭಾಗ ಜರ್ಮನಿಯಲ್ಲಿ ಫಲಿಸಬಹುದು, ಹೊರರಾಜ್ಯದ ಕೆಲಸದಲ್ಲೂ ಫಲಿಸಬಹುದು. ಜರ್ಮನಿಯ ಕಡೆಗೆ ನಾನು ವಾಲುತ್ತಿರುವುದು ಒಂಬತ್ತರಲ್ಲಿ ಶುಕ್ರನಿರುವುದರಿಂದ ಮತ್ತು ಅವನದೇ ಭುಕ್ತಿ ಎದುರಿಗಿರುವುದರಿಂದ. ಭಾಷೆ ಕಲಿಯುವುದು, ಅಂಕಪಟ್ಟಿ ಹೊಂದಿಸುವುದು, ವೀಸಾ ಸಂದರ್ಶನ ಎದುರಿಸುವುದು ಅವನ ಕೆಲಸ, ಅವುಗಳ ಬದಲಿಗೆ ಶಾಂತಿ ಹೋಮಕ್ಕೆ ಸಾವಿರಾರು ರೂಪಾಯಿ ಕೇಳುವವರ ಬಳಿ ಹೋಗುವುದು ಬೇಡ. ಶನಿವಾರ ಮನೆಯಲ್ಲೇ ಎಳ್ಳೆಣ್ಣೆಯ ದೀಪ ಹಚ್ಚಿದರೆ ಸಾಕು.

ಆಸ್ಪತ್ರೆಯ ದಾಖಲೆಯನ್ನು ಒಮ್ಮೆ ತೆಗೆಸಿ ನೋಡಿರಿ. ಅದರಲ್ಲಿ 11.25ಕ್ಕಿಂತ ಮುಂಚಿನ ಸಮಯ ಬರೆದಿದ್ದರೆ ಲಗ್ನ ಕುಂಭವಾಗುತ್ತದೆ, ಒಂಬತ್ತಕ್ಕೆ ಶುಕ್ರನೂ ಹನ್ನೆರಡಕ್ಕೆ ಶನಿಯೂ ಅಧಿಪತಿಗಳಾಗುತ್ತಾರೆ, ಕುಜನು ಲಗ್ನಕ್ಕೆ ಬರುತ್ತಾನೆ. ಆಗ ಇಲ್ಲಿ ಬರೆದ ಯಾವುದನ್ನೂ ಬಳಸದೆ ಹೊಸದಾಗಿ ಲೆಕ್ಕ ಹಾಕಿಸಬೇಕು.